ಪದಚರ್ಚೆ: ‘ಗುರುತಿಸು’ ಎಂಬ ಒಂದು ಪದ, ಮೂರು ಕೆಲಸ

ಡೊಂಬಿವಲಿಯಿಂದ:

ಬಲ್ಲವರಿಗೆಲ್ಲ ನಮಸ್ಕಾರ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗುತ್ತಿದೆ. ಅದರಲ್ಲಿರುವ ಒಬ್ಬ ಯುವಕ ತನ್ನ ಮುಖ ಕಾಣಿಸಬಾರದೆಂದು ಕೇಳಿಕೊಂಡಿದ್ದಾನೆ. ಮಸುಕು ಮಾಡಿದರೆ ಅವನ ನಗು, ಅಳು ಎರಡೂ ಅಳಿಸಿಹೋಗುತ್ತವೆ. ಆದ್ದರಿಂದ ಒಪ್ಪಿಗೆ ಕೊಟ್ಟ ಮತ್ತೊಬ್ಬರ ಮುಖವನ್ನು ಅಲ್ಲಿ ಕೂರಿಸುತ್ತಿದ್ದಾರೆ. ಸಂಕಲನದವರಿಗೆ ಕನ್ನಡ ಕೈಪಿಡಿ ಬರೆಯುವ ಕೆಲಸ ನನ್ನದು.

ದಾದರ್ ನಿಲ್ದಾಣದ ಜನಜಂಗುಳಿಯಲ್ಲಿ ಅವನೊಬ್ಬನ ಮುಖವನ್ನೇ ಆರಿಸುವ ಭಾಗಕ್ಕೆ ಬಂದು ನಿಂತಿದ್ದೇನೆ. ಫ್ರೇಮಿನಲ್ಲಿ ಮುಖಗಳು ಎಲ್ಲಿವೆ ಎಂದು ಕಂಡುಕೊಳ್ಳುವುದು, ಒಂದು ಮುಖ ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಸರಿಯಿತೆಂದು ನೋಡುವುದು, ಅದು ಯಾರದೆಂದು ತಿಳಿಯುವುದು: ಮೂರಕ್ಕೂ ‘ಗುರುತಿಸು’ ಎಂದೇ ಬರೆದುಬಿಟ್ಟಿದ್ದೇನೆ. ಮೂರಕ್ಕೂ ಬೇರೆ ಪದ ಬೇಕೇ?

ಪುಣೆಯಿಂದ:

ಅಕ್ಕನವರೇ, ‘ಹಿಂಬಾಲಿಸು’ ಒಂದೇ ಸಾಕು. ಮೊದಲ ಫ್ರೇಮಿನಲ್ಲಿ ಹುಡುಗನ ಮುಖದ ಸುತ್ತ ಚೌಕ ಎಳೆದರೆ ತಂತ್ರಾಂಶ ಕೊನೆಯವರೆಗೂ ಅದರ ಬೆನ್ನು ಹತ್ತುತ್ತದೆ. ಆ ಮುಖ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ.

ವಾಸ್ಕೋದಿಂದ:

ನನ್ನ ಮೊಬೈಲಿನ ಫೋಟೋ ಸಂಗ್ರಹದಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳೂ ಒಂದೇ ಹೆಸರಿನ ಕೆಳಗೆ ಬರುತ್ತಾರೆ. ಬೇರ್ಪಡಿಸಿದರೂ ಹೊಸ ಫೋಟೋಗಳು ಮತ್ತೆ ಬೆರೆಯುತ್ತವೆ. ಇದನ್ನು ಸರಿಪಡಿಸುವ ದಾರಿ ನಿಮ್ಮ ಕೈಪಿಡಿಯಲ್ಲಿದೆಯೇ?

ಮಾಟುಂಗದಿಂದ:

ನಾನು ಇದೇ ಸಂಕಲನದ ಕೆಲಸದಲ್ಲಿರುವವನು. ಮೂರು ಪದಗಳು ಬೇಕೇ ಬೇಕು, ಏಕೆಂದರೆ ಮೂರೂ ಕೆಲಸಗಳು ಬೇರೆ ಬೇರೆ ರೀತಿಯಲ್ಲಿ ತಪ್ಪುತ್ತವೆ. ನನ್ನ ಸಲಹೆ: ಮುಖ ‘ಪತ್ತೆ’, ‘ಜಾಡು’ ಹಿಡಿಯುವುದು, ‘ತಾಳೆ’ ನೋಡುವುದು.

ಪುಣೆಯವರು ಹೇಳಿದ್ದು ಬಯಲಿನಲ್ಲಿ ಸರಿ, ದಾದರಿನಲ್ಲಿ ಅಲ್ಲ. ಜಾಡು ಹಿಡಿಯುವ ವಿಧಾನ ಮುಖ್ಯವಾಗಿ ನೋಡುವುದು ಈ ಫ್ರೇಮಿನ ಚೌಕ ಮುಂದಿನ ಫ್ರೇಮಿನ ಯಾವ ಚೌಕದ ಮೇಲೆ ಹೆಚ್ಚು ಬೀಳುತ್ತದೆ ಎಂಬುದನ್ನು. ಮುಖ ಯಾರದೆಂಬುದು ಅದಕ್ಕೆ ಗೊತ್ತಿಲ್ಲ. ಹುಡುಗ 310ನೆಯ ಫ್ರೇಮಿನಲ್ಲಿ ಕಂಬದ ಹಿಂದೆ ಹೋದ, 318ರಲ್ಲಿ ಅದೇ ಕಂಬದ ಪಕ್ಕದಿಂದ ಬೇರೊಬ್ಬ ಬಂದ ಎಂದುಕೊಳ್ಳಿ. ನಡುವಿನ ಅಂತರ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟೇ. ತಂತ್ರಾಂಶ ಹುಡುಗನ ಜಾಡಿಗೆ ಕೊಟ್ಟ ಸಂಖ್ಯೆಯೇ ಮುಂದುವರಿದು, ಸಂಬಂಧವೇ ಇಲ್ಲದ ದಾರಿಹೋಕನಿಗೆ ಹೊಸ ಮುಖ ಅಂಟುತ್ತದೆ, ನಮ್ಮ ಹುಡುಗನ ನಿಜಮುಖ ಬಯಲಾಗುತ್ತದೆ.

ತಾಳೆ ನೋಡುವಾಗ ಕಣ್ಣು, ಮೂಗು, ಬಾಯಿಯ ತುದಿಗಳನ್ನು ಆಧರಿಸಿ ಮುಖವನ್ನು ನೆಟ್ಟಗೆ ಮಾಡಿ, ಅದನ್ನು ಸಂಖ್ಯೆಗಳ ಸಾಲಾಗಿ ಬದಲಿಸುತ್ತಾರೆ. ಈ ಕೆಲಸಕ್ಕೆ ಬಳಸುವ ಆರ್ಕ್‌ಫೇಸ್ ಮಾದರಿಗಳಲ್ಲಿ ಸಾಮಾನ್ಯವಾಗಿ 512 ಸಂಖ್ಯೆಗಳು. ಹುಡುಗನ ಮಾದರಿ ಚಿತ್ರದ ಸಾಲಿಗೂ ಇದಕ್ಕೂ ಎಷ್ಟು ಹೋಲಿಕೆಯೆಂದು ಅಳೆಯುತ್ತಾರೆ. ಎದುರು ಮುಖಕ್ಕೆ 0.62 ಬಂದರೆ, ಪಕ್ಕಕ್ಕೆ ತಿರುಗಿದಾಗ ಅದೇ ಹುಡುಗನಿಗೆ 0.28 ಬರಬಹುದು. ಮಿತಿ 0.4 ಇಟ್ಟರೆ ತಿರುಗಿದ ಫ್ರೇಮುಗಳಲ್ಲಿ ಮುಖ ಬದಲಾಗದೆ ಉಳಿಯುತ್ತದೆ. ಹಾಗೆಂದು ಮಿತಿಯನ್ನು 0.25ಕ್ಕೆ ಇಳಿಸಿದರೆ ಪಕ್ಕದಲ್ಲಿರುವ ತಮ್ಮನಿಗೂ ಮುಖ ಬದಲಾಗುತ್ತದೆ, ಏಕೆಂದರೆ ಒಡಹುಟ್ಟಿದವರ ಅಂಕ ಅಷ್ಟು ಮೇಲೇರುವುದುಂಟು. ವಾಸ್ಕೋದವರೇ, ನಿಮ್ಮ ಮಕ್ಕಳ ತೊಂದರೆಯ ಬೇರೂ ಬಹುಶಃ ಇದೇ.

ಆದ್ದರಿಂದ ಒಂದೊಂದು ಫ್ರೇಮಿಗೂ ತೀರ್ಪು ಕೊಡಬಾರದು, ಜಾಡಿಗೆ ಕೊಡಬೇಕು. ಒಂದು ಜಾಡಿನ ಉದ್ದಕ್ಕೂ ಅಂಕಗಳನ್ನು ಗೆರೆಯಾಗಿ ಎಳೆದು ನೋಡಿ. 0.6ರಿಂದ 0.28ಕ್ಕೆ ಇಳಿದು ಮತ್ತೆ 0.6ಕ್ಕೆ ಏರಿದರೆ ಹುಡುಗ ಕತ್ತು ತಿರುಗಿಸಿದ್ದಾನೆ, ನಡುವಿನ ಫ್ರೇಮುಗಳೂ ಅವನದೇ. ಕಂಬ ದಾಟಿದ ಮೇಲೆ 0.08ಕ್ಕೆ ಕುಸಿದು ಅಲ್ಲೇ ಉಳಿದರೆ ವ್ಯಕ್ತಿ ಬದಲಾಗಿದ್ದಾನೆ, ಜಾಡನ್ನು ಅಲ್ಲೇ ತುಂಡರಿಸಬೇಕು. ದೃಶ್ಯ ಬದಲಾದಲ್ಲೂ ತುಂಡರಿಸಲೇಬೇಕು. ಪ್ರತಿ ತುಂಡಿನಲ್ಲಿ ಸ್ಪಷ್ಟವಾದ, ಎದುರು ನೋಡುವ ಕೆಲವು ಮುಖಗಳ ಸರಾಸರಿ ತೆಗೆದು, ಇಡೀ ತುಂಡು ಯಾರದೆಂದು ಒಮ್ಮೆಗೇ ನಿರ್ಧರಿಸಬೇಕು.

ಪುಣೆಯಿಂದ ಮತ್ತೆ:

ಒಪ್ಪಿದೆ, ಕಂಬದ ಮಾತು ನನಗೆ ಹೊಳೆದಿರಲಿಲ್ಲ. ಆದರೆ ಹುಡುಗ ಆ ತುಂಡಿನ ಉದ್ದಕ್ಕೂ ಕ್ಯಾಮೆರಾದತ್ತ ನೋಡದಿದ್ದರೆ ಸರಾಸರಿ ಎಲ್ಲಿಂದ ಬರುತ್ತದೆ?

ಮಾಟುಂಗದಿಂದ:

ಬರುವುದಿಲ್ಲ. ಅಂಥ ತುಂಡುಗಳನ್ನು ಮನುಷ್ಯರೇ ನೋಡಿ ಹೆಸರು ಹಚ್ಚಬೇಕು. ಈ ಚಿತ್ರದಲ್ಲಂತೂ ಒಂದೇ ಒಂದು ಫ್ರೇಮ್ ತಪ್ಪಿದರೂ, ಅಲ್ಲಿ ವಿಡಿಯೊ ನಿಲ್ಲಿಸಿದವರಿಗೆ ಅವನ ಮುಖ ಸಿಕ್ಕಿತೆಂದೇ ಅರ್ಥ. ಮುಗಿದ ಮೇಲೆ ತಾಳೆಯನ್ನು ಸಿದ್ಧ ವಿಡಿಯೊದ ಮೇಲೆಯೇ ಇನ್ನೊಮ್ಮೆ ಓಡಿಸಿ, ಹುಡುಗನ ಮೂಲ ಮುಖಕ್ಕೆ ಹತ್ತಿರದ ಅಂಕ ಎಲ್ಲಾದರೂ ಉಳಿದಿದೆಯೇ ನೋಡಿ. ಮುಖವೇ ಪತ್ತೆಯಾಗದ ಫ್ರೇಮುಗಳು ಈ ಪರೀಕ್ಷೆಗೂ ಸಿಗುವುದಿಲ್ಲ, ಅವನ್ನು ಕಣ್ಣಿನಿಂದಲೇ ನೋಡಬೇಕು.

ಡೊಂಬಿವಲಿಯಿಂದ:

‘ಪತ್ತೆ’, ‘ಜಾಡು’, ‘ತಾಳೆ’ ಮೂರನ್ನೂ ಹಾಕಿಕೊಳ್ಳುತ್ತೇನೆ. ‘ಗುರುತು’ ಎಂಬುದನ್ನು ಕೊನೆಯ ತೀರ್ಪಿಗೆ ಮಾತ್ರ ಉಳಿಸುತ್ತೇನೆ. ತುಂಡರಿಸಿದ ಜಾಡಿಗೆ ಮಾತ್ರ ಪದ ಇನ್ನೂ ಕೂತಿಲ್ಲ. ‘ಜಾಡುತುಣುಕು’ ನಾಲಿಗೆಗೆ ತೊಡಕು, ‘ಎಳೆ’ ಚೆನ್ನಾಗಿದೆ, ಆದರೆ ಕೈಪಿಡಿಯಲ್ಲೇ ‘ಚೌಕ ಎಳೆ’ ಎಂಬ ಕ್ರಿಯಾಪದ ಪದೇ ಪದೇ ಬರುತ್ತದೆ. ಬೇರೆ ಪದ ಹೊಳೆದರೆ ತಿಳಿಸಿ.