ಅಪ್‌ಡೇಟ್: ಡಿಗ್ರಿ ಚಿಹ್ನೆ ಕೊನೆಗೂ ಬಂತು

ನಾನು ಕೇಳಿದ್ದು: "ವಿಂಡೋಸ್‌ನಲ್ಲಿ Alt ಒತ್ತಿ 176 ಹೊಡೆದರೆ ° ಬದಲು ░ ಬರುತ್ತಿದೆ, ಯಾಕೆ?"

ತಪ್ಪು ನನ್ನದೇ. 176ಕ್ಕೆ ಮೊದಲು ಹೊಡೆಯಬೇಕಾದ ಸೊನ್ನೆಯನ್ನು ಸುಮ್ನೆ ಅಲಂಕಾರ ಅಂದುಕೊಂಡು ಬಿಟ್ಟಿದ್ದೆ! ಸೊನ್ನೆ ಇಲ್ಲದಿದ್ದರೆ ವಿಂಡೋಸ್ ಹಳೆಯ ಡಾಸ್ ಕಾಲದ ಅಕ್ಷರಪಟ್ಟಿ ನೋಡುತ್ತದೆ. ಅಲ್ಲಿ 176 ಅಂದರೆ ░, ಡಿಗ್ರಿ ಇರುವುದು 248ರಲ್ಲಿ. ಸೊನ್ನೆ ಇದ್ದರೆ ವಿಂಡೋಸ್‌ನ ಸ್ವಂತ ಪಟ್ಟಿ. ಹಾಗಾಗಿ ನಂಬರ್ ಪ್ಯಾಡ್‌ನಲ್ಲಿ, Num Lock ಹಾಕಿಕೊಂಡು:

```
Alt+0176
```

Alt ಬಿಟ್ಟ ಮೇಲೆಯೇ ° ಮೂಡುತ್ತದೆ. ಮೇಲಿನ ಸಾಲಿನ ಅಂಕಿಗಳಿಂದ ಆಗುವುದಿಲ್ಲ.

ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ, ವರ್ಡ್ ಇದ್ದರೆ, 00B0 ಬರೆದು Alt+X ಒತ್ತಿದೆ. ಬಂತು. ಆದರೆ 37ರ ಪಕ್ಕದಲ್ಲೇ ಬರೆದಾಗ ಕೆಟ್ಟಿತು. 37 ಕೂಡ ಹೆಕ್ಸ್ ಅಂಕಿಯೇ ಅಲ್ವಾ, ಕೋಡ್‌ಗೆ ಅಂಟಿಕೊಂಡುಬಿಡುತ್ತದೆ. ಈಗ 00B0 ಅಷ್ಟನ್ನೇ ಸೆಲೆಕ್ಟ್ ಮಾಡಿ Alt+X ಒತ್ತುತ್ತೇನೆ. 37° ಸರಿಯಾಗಿ ಬರುತ್ತಿದೆ.