ಸಹಾಯ ಬೇಕು: ಪ್ರತಿ 8 ಮಿಲಿಮೀಟರ್‌ಗೆ ಮರುಕಳಿಸುವ ಝಡ್ ಬ್ಯಾಂಡಿಂಗ್

ಎಲ್ಲರಿಗೂ ನಮಸ್ಕಾರ.

ನನ್ನ ತ್ರೀಡಿ ಪ್ರಿಂಟರಿನಲ್ಲಿ ಎತ್ತರದ ವಸ್ತುಗಳನ್ನು ಮುದ್ರಿಸಿದಾಗ ಎಡ ಮತ್ತು ಬಲ ಗೋಡೆಗಳ ಮೇಲೆ ಅಡ್ಡ ಅಲೆಗಳು ಸ್ಪಷ್ಟವಾಗಿ ಮೂಡುತ್ತಿವೆ. ಎಡಗೋಡೆ ಉಬ್ಬಿದ ಎತ್ತರದಲ್ಲಿಯೇ ಬಲಗೋಡೆ ಒಳಸರಿದಿರುವುದರಿಂದ, ಇದು ಪ್ಲಾಸ್ಟಿಕ್ ಹೆಚ್ಚುಕಡಿಮೆ ಸುರಿದ ದೋಷವಲ್ಲ, ನಾಝಲ್ ಪಕ್ಕಕ್ಕೆ ಸರಿಯುತ್ತಿರುವ ದೋಷವೆಂಬುದು ನನ್ನ ಅಭಿಪ್ರಾಯ.

ಪದರದ ದಪ್ಪವನ್ನು 0.2 ರಿಂದ 0.12 ಮಿಲಿಮೀಟರ್‌ಗೆ ಇಳಿಸಿದರೂ ಅಲೆಗಳ ಅಂತರ 8 ಮಿಲಿಮೀಟರ್ ಆಗಿಯೇ ಉಳಿಯಿತು. ನನ್ನ ಲೀಡ್ ಸ್ಕ್ರೂ 2 ಮಿಲಿಮೀಟರ್ ಪಿಚ್‌ನ, ನಾಲ್ಕು ಎಳೆಗಳದ್ದು. ಒಂದು ಪೂರ್ಣ ಸುತ್ತಿಗೆ ಅದು ಏರಿಸುವುದೂ ಸರಿಯಾಗಿ 8 ಮಿಲಿಮೀಟರ್. ಕಪ್ಲರ್‌ನ ತಿರುಪುಗಳು ಬಿಗಿಯಾಗಿವೆ. ಆದರೆ ಸ್ಕ್ರೂವನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದಾಗ ನಡುಭಾಗದಲ್ಲಿ ಬೆಳಕಿನ ಸಂದು ತೆರೆದು ಮುಚ್ಚುತ್ತದೆ, ಅಂದರೆ ಅದು ಬಾಗಿದೆ.

ಸ್ಕ್ರೂವಿನ ಮೇಲ್ತುದಿಯನ್ನು ಬೇರಿಂಗ್ ಹಿಡಿದಿರುವುದರಿಂದ, ಬಾಗಿನ ಓಲಾಟವೆಲ್ಲ ನಟ್‌ನ ಮೂಲಕ ಎಕ್ಸ್ ಗ್ಯಾಂಟ್ರಿಗೇ ತಲುಪುತ್ತಿರಬೇಕು. ಆ ಬೇರಿಂಗ್ ತೆಗೆದು, ನಟ್‌ನ ತಿರುಪುಗಳನ್ನು ತುಸು ಸಡಿಲಿಸಿದರೆ ಸಾಕೇ, ನಟ್‌ಗೆ ಓಲ್ಡ್‌ಹ್ಯಾಮ್ ಕಪ್ಲಿಂಗ್ ಜೋಡಿಸಬೇಕೇ, ಅಥವಾ ಸ್ಕ್ರೂವನ್ನೇ ಬದಲಿಸಬೇಕೇ? ಇದನ್ನು ಸ್ವತಃ ಸರಿಪಡಿಸಿದವರು ದಯವಿಟ್ಟು ತಿಳಿಸಿ.