ಬೋರ್ ನೀರಿನ ಫ್ಲೋರೈಡ್: ಭಾನುವಾರದ ಸಭೆಗೆ ಮುಂಚೆ ಎಲ್ಲರೂ ಓದಿ

ರೇಣುಕಾ, ಮನೆ 14
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಬೋರಿನ ನೀರಿನ ವರದಿ ನಿನ್ನೆ ಕೈಗೆ ಬಂತು. ಫ್ಲೋರೈಡ್ ಲೀಟರಿಗೆ 2.6 ಮಿಲಿಗ್ರಾಂ ಇದೆ. ಇದು 1ರ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು ಎನ್ನುವುದು ನಮ್ಮ ದೇಶದ ಮಾನದಂಡ.

ಪರೀಕ್ಷೆ ಮಾಡಿಸಲು ಕಾರಣ ನನ್ನ ಮಗಳು. ಅವಳಿಗೆ ಒಂದು ವರ್ಷ ಆಗಿದ್ದಾಗ ಇಲ್ಲಿಗೆ ಬಂದೆವು. ಈಗ ಎಂಟು. ಹಾಲುಹಲ್ಲು ಬಿದ್ದು ಬಂದ ಮುಂದಿನ ಎರಡು ಹಲ್ಲುಗಳ ಮೇಲೆ ಅಡ್ಡಡ್ಡಕ್ಕೆ ಬಿಳಿ ಗೆರೆಗಳಿವೆ, ಬಳಪದಲ್ಲಿ ಎಳೆದ ಹಾಗೆ. ಒಂದು ಗೆರೆ ಕಂದು ಬಣ್ಣಕ್ಕೆ ತಿರುಗಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಈಗ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ನಿಮ್ಮ ಮಕ್ಕಳ ಹಲ್ಲನ್ನೂ ಕಿಟಕಿ ಬೆಳಕಲ್ಲಿ ಒಮ್ಮೆ ನೋಡಿ.

ಮಂಜುನಾಥ, ಮನೆ 21
ಗಾಬರಿ ಬೇಡ. ನಾವು ಮೊದಲಿಂದಲೂ ಚೆನ್ನಾಗಿ ಕುದಿಸಿ ಆರಿಸಿಯೇ ಕುಡಿಯುತ್ತೇವೆ. ಮತ್ತೆ ನಮ್ಮ ನೀರು ಗಡಸೂ ಅಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಪಾತ್ರೆಗೆ ಬಿಳಿ ಕಟ್ಟುವುದಿಲ್ಲ. ಇಷ್ಟು ಒಳ್ಳೆ ನೀರಿನಲ್ಲಿ ಫ್ಲೋರೈಡ್ ಹೇಗೆ ಬಂತು?

ಶ್ರೀಧರ ಭಟ್, ಮನೆ 3
ಮಂಜುನಾಥ್ ಅವರೇ, ಕುದಿಸುವುದು ರೋಗಾಣುವಿಗೆ ಸರಿ, ಬಿಡಬೇಡಿ. ಆದರೆ ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. 10 ಲೀಟರ್ ಕುದಿಸಿ 8 ಲೀಟರ್ ಉಳಿದರೆ 2.6 ಇದ್ದದ್ದು 3.25 ಆಗುತ್ತದೆ, ಅಷ್ಟೇ.

ಸೋಪಿನ ನೊರೆ ನೋಡಿ ಮೋಸ ಹೋಗುವವರು ಬಹಳ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ, ಸೋಡಾದ ಗುಣದ ಮೆದು ನೀರಲ್ಲೇ ಫ್ಲೋರೈಡ್ ಸಲೀಸಾಗಿ ಕರಗಿ ಉಳಿಯುವುದು. ಆಳದ ಬೋರಿನ ನೀರು ಕಲ್ಲಿನ ಸೀಳುಗಳಲ್ಲಿ ವರ್ಷಾನುಗಟ್ಟಲೆ ನಿಂತು ಕಲ್ಲಿನ ಫ್ಲೋರೈಡನ್ನು ಎಳೆದುಕೊಂಡಿರುತ್ತದೆ. ನಾನು ಚಿತ್ರದುರ್ಗ, ಪಾವಗಡ ಕಡೆಯ ನೀರು ಪರೀಕ್ಷೆ ಮಾಡುತ್ತಲೇ ಕೆಲಸದಿಂದ ನಿವೃತ್ತಿಯಾದವನು. ಮಲೆನಾಡಿಗೆ ಬಂದೂ ಇದೇ ಕಥೆ ಕೇಳುತ್ತೇನೆ ಅಂದುಕೊಂಡಿರಲಿಲ್ಲ.

ನಾಗರತ್ನ, ಮನೆ 9
ಹಾಗಾದರೆ ನಮ್ಮ ಅತ್ತೆಯ ಮಂಡಿನೋವು ಇದೇ ನೀರಿನಿಂದಲೇ ಬಂದದ್ದು! ಎರಡು ವರ್ಷದಿಂದ ಒದ್ದಾಡುತ್ತಿದ್ದಾರೆ. ಫ್ಲೋರೈಡ್ ಇರುವ ಹಲ್ಲಿನ ಪೇಸ್ಟ್ ಬದಲಾಯಿಸಿದರೆ ಕಡಿಮೆ ಆಗುತ್ತಾ ಭಟ್ರೇ?

ಶ್ರೀಧರ ಭಟ್, ಮನೆ 3
ನಾಗರತ್ನಮ್ಮ, ಎಪ್ಪತ್ತರ ಮಂಡಿನೋವನ್ನೆಲ್ಲ ನೀರಿನ ತಲೆಗೆ ಕಟ್ಟುವ ಹಾಗಿಲ್ಲ. ಮೂಳೆಗೆ ಹಿಡಿಯಲು ಬಹಳ ವರ್ಷ ಬೇಕು, ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಫ್ಲೋರೈಡೂ ಬೇಕು. ಬಂದರೆ ಕತ್ತು, ಬೆನ್ನು ಬಿಗಿಯುವುದು ಹೆಚ್ಚು. ಗದ್ದ ಎದೆಗೆ ಮುಟ್ಟುತ್ತದಾ, ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದಾ, ಎರಡೂ ಕೈ ತಲೆಯ ಹಿಂದೆ ಕಟ್ಟಲು ಆಗುತ್ತದಾ ನೋಡಿ. ಇವು ಕಷ್ಟವಾದರೆ ಮೂಳೆ ಡಾಕ್ಟರಿಗೆ ನೀರಿನ ವರದಿಯನ್ನೂ ತೋರಿಸಿ. ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಅವರು ಹೇಳುತ್ತಾರೆ. ಪೇಸ್ಟ್ ದೊಡ್ಡವರಿಗೆ ಸಮಸ್ಯೆಯಲ್ಲ. ಚಿಕ್ಕ ಮಕ್ಕಳು ಅದನ್ನು ನುಂಗದ ಹಾಗೆ ನೋಡಿಕೊಳ್ಳಿ.

ಇಮ್ರಾನ್, ಮನೆ 17
ನಮ್ಮನೇಲಿ ಫ್ಲೋರೈಡ್ ಫಿಲ್ಟರ್ ಇದೆ. ಅಲ್ಯುಮಿನಾ ಹರಳು ತುಂಬಿದ್ದು, 5 ಕೇಜಿ. ಹಾಕಿಸಿ ಒಂದೂವರೆ ವರ್ಷ ಆಯ್ತು. ನೀರು ಸ್ಫಟಿಕದ ಹಾಗೆ ಬರುತ್ತದೆ. ಎಲ್ಲರೂ ಇದನ್ನೇ ಹಾಕಿಸಬಹುದಲ್ವಾ?

ಶ್ರೀಧರ ಭಟ್, ಮನೆ 3
ಇಮ್ರಾನ್, ಹರಳನ್ನು ಎಷ್ಟು ಸಲ ಬದಲಾಯಿಸಿದ್ದೀರಿ?

ಇಮ್ರಾನ್, ಮನೆ 17
ಒಮ್ಮೆಯೂ ಇಲ್ಲ ಸರ್. ಮಾರಿದವರೂ ಹೇಳಲಿಲ್ಲ.

ಶ್ರೀಧರ ಭಟ್, ಮನೆ 3
ಹಾಗಿದ್ದರೆ ಈ ಲೆಕ್ಕ ನೋಡಿ. ನಮ್ಮಂಥ ಕ್ಷಾರದ ನೀರಿನಲ್ಲಿ ಒಂದು ಕೇಜಿ ಹರಳು ಸುಮಾರು ಒಂದು ಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ನಂಬಿ ಕೂರಬಾರದು. 5 ಕೇಜಿಗೆ 5 ಗ್ರಾಂ, ಅಂದರೆ 5000 ಮಿಲಿಗ್ರಾಂ. ಪ್ರತಿ ಲೀಟರಿಂದ 2 ಮಿಲಿಗ್ರಾಂ ತೆಗೆಯಬೇಕು. ಹಾಗಾಗಿ 2500 ಲೀಟರ್ ಆದ ಮೇಲೆ ಹರಳು ತುಂಬಿಹೋಯಿತು. ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 20 ಲೀಟರ್ ಬಳಸಿದರೆ 125 ದಿನ. ನಾಲ್ಕೇ ತಿಂಗಳು.

ಆಮೇಲೂ ನೀರು ಅಷ್ಟೇ ತಿಳಿಯಾಗಿ ಬರುತ್ತಿರುತ್ತದೆ. ರುಚಿ, ವಾಸನೆ, ಬಣ್ಣ ಯಾವುದೂ ಬದಲಾಗುವುದಿಲ್ಲ. ನನಗೆ ಈ ಫಿಲ್ಟರ್ ವಿಷಯದಲ್ಲಿ ಹೆದರಿಕೆ ಇರುವುದೇ ಇಲ್ಲಿ. ನಲ್ಲಿ ತುದಿಯ ನೀರನ್ನು ಪರೀಕ್ಷೆಗೆ ಕೊಡಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಎಲೆಕ್ಟ್ರೋಡ್‌ನಲ್ಲಿ ಅಳೆಯಲು ಹೇಳಿ. ಬಣ್ಣ ನೋಡುವ ಕಿಟ್‌ನಲ್ಲಿ, ನೀರಿಗೆ ಅಲ್ಯುಮಿನಿಯಂ ಸೇರಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆ ಇದೆ.

ಇಮ್ರಾನ್, ಮನೆ 17
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಫಲಿತಾಂಶ ಬಂತು, 2.4. ಒಂದು ವರ್ಷದಿಂದ ಮಕ್ಕಳಿಗೆ ನೆಮ್ಮದಿಯಿಂದ ಇದೇ ನೀರು ಕುಡಿಸಿದೆ. ನಿದ್ದೆ ಬರಲಿಲ್ಲ ನಿನ್ನೆ. ಹರಳನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಮತ್ತೆ ಬಳಸಬಹುದಂತೆ, ಮನೆಯಲ್ಲೇ ಮಾಡಲಾ?

ಶ್ರೀಧರ ಭಟ್, ಮನೆ 3
ಮನೆಯಲ್ಲಿ ಬೇಡವೇ ಬೇಡ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ತೊಳೆದು, ಮತ್ತೆ ಆಮ್ಲದಲ್ಲಿ ಸಮ ಮಾಡಬೇಕು. ಕೈ ಕಣ್ಣು ಸುಡುತ್ತದೆ. ಹೊರಬರುವ ನೀರಲ್ಲಿ ಅಷ್ಟೂ ಫ್ಲೋರೈಡ್ ಇರುತ್ತದೆ, ಗಿಡಕ್ಕೋ ಚರಂಡಿಗೋ ಬಿಡುವ ಹಾಗಿಲ್ಲ. ಹೊಸ ಹರಳು ಹಾಕಿಸಿ, ಹಾಕಿದ ದಿನಾಂಕವನ್ನು ಫಿಲ್ಟರ್ ಮೇಲೆ ಬರೆಯಿರಿ. ಮೂರನೇ ತಿಂಗಳಿಗೇ ಪರೀಕ್ಷೆಗೆ ಕೊಡಿ.

ಮಂಜುನಾಥ, ಮನೆ 21
ನೀರಿನ ಸಂಪ್‌ಗೆ ಪಟಿಕ ಹಾಕಿದರೆ ಆಗಲ್ವಾ? ನಲ್ಗೊಂಡ ಕಡೆ ಹಾಗೇ ಮಾಡುತ್ತಿದ್ದರಂತೆ.

ಶ್ರೀಧರ ಭಟ್, ಮನೆ 3
ಅರ್ಧ ಸರಿ. ಪಟಿಕದ ಜೊತೆ ಸುಣ್ಣವೂ ಬೇಕು. ಎಷ್ಟು ಎನ್ನುವುದು ನೀರಿನ ಫ್ಲೋರೈಡ್ ಮತ್ತು ಕ್ಷಾರ ಎರಡನ್ನೂ ಅಳೆದು ಗೊತ್ತು ಮಾಡಬೇಕು. ಕೆಸರು ಇಳಿಸಲು ಹಾಕುವ ಒಂದು ತುಂಡು ಪಟಿಕ ಸಾಲದು. ಕಲಕಿ, ತಳದ ಗಸಿ ಕೂತ ಮೇಲೆ ಮೇಲಿನ ತಿಳಿ ನೀರನ್ನು ಮಾತ್ರ ಬಳಸಬೇಕು. ಅಳತೆ ತಪ್ಪಿದರೆ ಅಲ್ಯುಮಿನಿಯಂ ಹೊಟ್ಟೆಗೆ ಹೋಗುತ್ತದೆ. ದಿನವೂ ನೋಡುವ ಒಬ್ಬ ಆಳಿಲ್ಲದೆ ಇದು ನಡೆಯುವುದಿಲ್ಲ.

ರೇಣುಕಾ, ಮನೆ 14
ತುಂಗಾ ಪಾನ, ಗಂಗಾ ಸ್ನಾನ ಅನ್ನುವ ಊರು ನಮ್ಮದು. ಹೊಳೆ ನೀರಿನ ಪೈಪು ನಮ್ಮ ಗೇಟಿನ ತನಕ ಬಂದಿಲ್ಲ. ಅರ್ಜಿ ಬರೆದಿದ್ದೇನೆ, ಭಾನುವಾರ ಎಲ್ಲರೂ ಸಹಿ ಹಾಕಿ. ಅಲ್ಲಿಯವರೆಗೆ ಹಿಂದಿನ ಅಡಿಕೆ ತೋಟದ ತೆರೆದ ಬಾವಿ ನೋಡಿದೆ. ಪರೀಕ್ಷೆಯಲ್ಲಿ ಫ್ಲೋರೈಡ್ 0.4 ಬಂತು. ಯಜಮಾನರು ದಿನಕ್ಕೆ 600 ಲೀಟರ್ ಕೊಡಲು ಒಪ್ಪಿದ್ದಾರೆ.

ಶ್ರೀಧರ ಭಟ್, ಮನೆ 3
ಸಂತೋಷದ ಸುದ್ದಿ. ಆದರೆ ತೆರೆದ ಬಾವಿ, ರೋಗಾಣು ಪರೀಕ್ಷೆಯೂ ಆಗಬೇಕು, ಕುದಿಸಲೇಬೇಕು. ಗೊಬ್ಬರ ಹಾಕುವ ತೋಟವಾದ್ದರಿಂದ ನೈಟ್ರೇಟನ್ನೂ ನೋಡಿಸಿ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗೆ ಮೊದಲು ಕೊಡೋಣ, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟು ಬೀಳುವುದು ಆ ವಯಸ್ಸಲ್ಲೇ. ಕುಡಿಯಲು ಮಾತ್ರವಲ್ಲ, ಅನ್ನ, ಗಂಜಿ, ಸಾರಿಗೂ ಅದೇ ನೀರು. ಸಾಲದೆ ಬಂದರೆ ಎರಡು ಕೊಡ ಬಾವಿ ನೀರಿಗೆ ಒಂದು ಕೊಡ ಬೋರಿನ ನೀರು ಬೆರೆಸಿದರೂ 1.1ರ ಹತ್ತಿರ ನಿಲ್ಲುತ್ತದೆ.

ನಾಗರತ್ನ, ಮನೆ 9
ಮಕ್ಕಳಿಲ್ಲದ ಮನೆಯವರು ಏನು ಮಾಡಬೇಕು? ಏಪ್ರಿಲ್‌ನಲ್ಲಿ ಆ ಬಾವಿಯ ತಳವೇ ಕಾಣುತ್ತದೆ. ಆರ್‌ಒ ಹಾಕಿಸೋಣ ಅಂದರೆ ಇವರು ನೀರು ಪೋಲು ಅಂತಾರೆ.

ಇಮ್ರಾನ್, ಮನೆ 17
ಆರ್‌ಒ ಫ್ಲೋರೈಡ್ ತೆಗೆಯುತ್ತದೆ ಅಕ್ಕ. ಬಿಡುವ ನೀರನ್ನು ನೆಲ ಒರೆಸಲು, ಫ್ಲಶ್‌ಗೆ ಬಳಸಿ. ಬಾವಿಯಿಂದ ಡ್ರಮ್ ತರಲು ನನ್ನ ಗೂಡ್ಸ್ ಆಟೋ ಬೆಳಿಗ್ಗೆ ಆರಕ್ಕೆ ಖಾಲಿ ಇರುತ್ತದೆ.

ರೇಣುಕಾ, ಮನೆ 14
ಮಕ್ಕಳಿರುವ ಮನೆಗಳು ಹನ್ನೊಂದು. ಮನೆಗೆ 20 ಲೀಟರ್ ಅಂದರೆ 220. ಉಳಿದ 380 ಲೀಟರ್ ಹೇಗೆ ಹಂಚುವುದು, ಬೇಸಿಗೆಗೆ ಏನು ಎನ್ನುವುದನ್ನು ಭಾನುವಾರ ಹತ್ತು ಗಂಟೆಗೆ ಗಣಪತಿ ಗುಡಿ ಕಟ್ಟೆ ಮೇಲೆ ಮಾತಾಡೋಣ. ಫಿಲ್ಟರ್ ಇರುವವರು ನಲ್ಲಿ ನೀರನ್ನು ಬಾಟಲಿಯಲ್ಲಿ ತನ್ನಿ, ಮೇಲೆ ಮನೆ ಸಂಖ್ಯೆ ಬರೆದಿರಲಿ.